ಸೊನ್ನೆಯ ಸಾಲಿನವರೆಗೆ: ಮಾಡ್ಯುಲರ್ ವಿಲೋಮವನ್ನು ತಪ್ಪಿಲ್ಲದೆ ಕಂಡುಹಿಡಿಯುವ ಬಗೆ

ಪ್ರಶ್ನೆ ಒಂದೇ ಸಾಲಿನದು: ಮಾಡ್ಯುಲಸ್ 220 ಆದಾಗ 53ರ ವಿಲೋಮ ಎಷ್ಟು? ಅಂದರೆ 53ನ್ನು ಯಾವ ಸಂಖ್ಯೆಯಿಂದ ಗುಣಿಸಿ 220ರಿಂದ ಭಾಗಿಸಿದರೆ ಶೇಷ 1 ಉಳಿಯುತ್ತದೆ? ಚಿಹ್ನೆಗಳಲ್ಲಿ ಬರೆದರೆ 53x ≡ 1 (mod 220).

ಪ್ರಯತ್ನಿಸಿ ನೋಡುವ ದಾರಿ ಇದ್ದೇ ಇದೆ. 53, 106, 159, 212 ಎಂದು ಮಗ್ಗಿ ಬರೆಯುತ್ತಾ ಹೋಗಬಹುದು. ಮುಂದಿನದು 265, ಅದರಲ್ಲಿ 220 ಕಳೆದರೆ 45. ಹೀಗೆಯೇ ಮುಂದುವರಿದರೆ ಎಂದೋ ಒಮ್ಮೆ 1 ಸಿಗುತ್ತದೆ. ಆದರೆ ಆ ದಿನ ಬರುವ ಹೊತ್ತಿಗೆ ಪರೀಕ್ಷೆಯ ಸಮಯ ಮುಗಿದಿರುತ್ತದೆ. ಈ ಪ್ರಶ್ನೆಗೆ ವಿಸ್ತೃತ ಯೂಕ್ಲಿಡ್ ವಿಧಾನ ಆರು ಭಾಗಾಕಾರಗಳಲ್ಲಿ ಉತ್ತರ ಕೊಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಲೆಕ್ಕ ಎಲ್ಲಾದರೂ ತಪ್ಪಿದ್ದರೆ ಅದನ್ನೂ ತಾನೇ ತೋರಿಸಿಕೊಡುತ್ತದೆ. ಈ ಎರಡನೆಯ ಗುಣವನ್ನು ಬಹುತೇಕ ವಿದ್ಯಾರ್ಥಿಗಳು ಬಳಸುವುದೇ ಇಲ್ಲ. ನಾನು ಈ ಲೇಖನ ಬರೆಯುತ್ತಿರುವುದು ಮುಖ್ಯವಾಗಿ ಅದಕ್ಕಾಗಿ.

ಮೊದಲು ಮಾಮೂಲಿ ಯೂಕ್ಲಿಡ್ ವಿಧಾನದಿಂದ ಶುರು ಮಾಡೋಣ. ಎರಡು ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಮಸಾಅ, ಬೇಕೆಂದರೆ ದೊಡ್ಡದನ್ನು ಚಿಕ್ಕದರಿಂದ ಭಾಗಿಸುತ್ತೇವೆ. ಬಳಿಕ ಭಾಜಕವನ್ನು ಶೇಷದಿಂದ ಭಾಗಿಸುತ್ತೇವೆ, ಶೇಷ ಸೊನ್ನೆಯಾಗುವವರೆಗೂ ಹೀಗೆಯೇ.

```
220 = 4 × 53 + 8
 53 = 6 ×  8 + 5
  8 = 1 ×  5 + 3
  5 = 1 ×  3 + 2
  3 = 1 ×  2 + 1
  2 = 2 ×  1 + 0
```

ಸೊನ್ನೆಗೆ ಮೊದಲು ಬಂದ ಶೇಷ 1. ಆದ್ದರಿಂದ ಮಸಾಅ 1, ವಿಲೋಮ ಇದೆ. ಇದು 1 ಆಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮುಂದೆ ಬರುತ್ತೇನೆ.

ಈಗ ಮೊದಲ ಸಾಲನ್ನೇ ಮತ್ತೊಮ್ಮೆ ನೋಡಿ. 220 = 4 × 53 + 8 ಎಂಬುದನ್ನು ತಿರುಗಿಸಿ ಬರೆದರೆ 8 = 220 − 4 × 53. ಮಾಡ್ಯುಲಸ್ 220 ಆದ್ದರಿಂದ ಆ 220ಕ್ಕೆ ಬೆಲೆಯೇ ಇಲ್ಲ, ಅದು ಸೊನ್ನೆಗೆ ಸಮ. ಉಳಿದದ್ದು: 53ನ್ನು −4ರಿಂದ ಗುಣಿಸಿದರೆ 8 ಬರುತ್ತದೆ. ನಮಗೆ ಬೇಕಾದದ್ದು 53ನ್ನು ಗುಣಿಸಿ 1 ತರುವ ಸಂಖ್ಯೆ. 8 ತರುವ ಸಂಖ್ಯೆ ಆಗಲೇ ಕೈಗೆ ಬಂದಿದೆ. ಇನ್ನು 5 ತರುವ ಸಂಖ್ಯೆ, ಆಮೇಲೆ 3, ಆಮೇಲೆ 2, ಕೊನೆಗೆ 1 ತರುವ ಸಂಖ್ಯೆ ಎಂದು ಒಂದೊಂದೇ ಮೆಟ್ಟಿಲು ಇಳಿದರೆ ಸಾಕು. ವಿಧಾನದ ಒಳಗುಟ್ಟು ಇಷ್ಟೇ.

5ಕ್ಕೆ ಹೇಗೆ ಹೋಗುವುದು? ಎರಡನೆಯ ಸಾಲಿನ ಪ್ರಕಾರ 5 = 53 − 6 × 8. ಇಲ್ಲಿ 53 ಎಂದರೆ 53ರ 1 ಪಟ್ಟು. 8 ಎಂದರೆ 53ರ −4 ಪಟ್ಟು. ಆದ್ದರಿಂದ 5 ಎಂದರೆ 1 − 6 × (−4) = 25 ಪಟ್ಟು. ನಂಬಿಕೆ ಬಾರದಿದ್ದರೆ ಗುಣಿಸಿ ನೋಡಿ: 25 × 53 = 1325, ಅದರಲ್ಲಿ 220ರ ಆರು ಪಟ್ಟು, ಅಂದರೆ 1320, ಕಳೆದರೆ 5. ಸರಿಯಾಗಿದೆ.

ಇದನ್ನೇ ಕೋಷ್ಟಕವಾಗಿ ಬರೆಯುತ್ತೇವೆ. ಮೂರು ಕಾಲಂ ಸಾಕು. ಮೊದಲ ಎರಡು ಸಾಲುಗಳು ಯಾವಾಗಲೂ ಸಿದ್ಧ: 220ರ ಎದುರು 0, 53ರ ಎದುರು 1. ಯಾಕೆ 0 ಮತ್ತು 1 ಎಂದು ಬಾಯಿಪಾಠ ಮಾಡುವ ಅಗತ್ಯವಿಲ್ಲ. 220 ಎಂದರೆ 53ರ 0 ಪಟ್ಟಿಗೆ ಸಮಶೇಷ, 53 ಎಂದರೆ 53ರ 1 ಪಟ್ಟು, ಅಷ್ಟೇ.

| ಭಾಗಲಬ್ಧ | ಶೇಷ | ಗುಣಕ |
|---|---|---|
| | 220 | 0 |
| | 53 | 1 |
| 4 | 8 | −4 |
| 6 | 5 | 25 |
| 1 | 3 | −29 |
| 1 | 2 | 54 |
| 1 | 1 | −83 |
| 2 | 0 | 220 |

ಪ್ರತಿ ಹೊಸ ಗುಣಕಕ್ಕೂ ನಿಯಮ ಒಂದೇ: ಎರಡು ಸಾಲು ಮೇಲಿರುವ ಗುಣಕದಿಂದ, ಇದೇ ಸಾಲಿನ ಭಾಗಲಬ್ಧವನ್ನು ಒಂದು ಸಾಲು ಮೇಲಿರುವ ಗುಣಕಕ್ಕೆ ಗುಣಿಸಿ, ಕಳೆಯಿರಿ. ಶೇಷದ ಕಾಲಂ ಕೂಡ ಇದೇ ನಿಯಮದಿಂದ ಬಂದದ್ದು ಎಂಬುದನ್ನು ಗಮನಿಸಿ: 220 − 4 × 53 = 8, ಪಕ್ಕದಲ್ಲಿ 0 − 4 × 1 = −4. ಎರಡೂ ಕಾಲಂಗಳು ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತವೆ. ಆದ್ದರಿಂದಲೇ ‘ಶೇಷವೆಂದರೆ 53ರ ಗುಣಕದಷ್ಟು ಪಟ್ಟು’ ಎಂಬ ಸಂಬಂಧ ಯಾವ ಸಾಲಿನಲ್ಲೂ ಮುರಿಯುವುದಿಲ್ಲ.

ಒಂದು ಎಚ್ಚರಿಕೆ. ಕೆಲವು ಪಠ್ಯಗಳಲ್ಲಿ ಭಾಗಲಬ್ಧವನ್ನು ಒಂದು ಸಾಲು ಮೇಲೆ, ಭಾಜಕದ ಎದುರು ಬರೆಯುತ್ತಾರೆ. ಅದೂ ತಪ್ಪಲ್ಲ. ಆದರೆ ಅರ್ಧ ಕೋಷ್ಟಕ ಒಂದು ಪದ್ಧತಿಯಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಬರೆದರೆ ಎಲ್ಲವೂ ಒಂದು ಸಾಲು ಜಾರುತ್ತದೆ. ಹುಟ್ಟಿದ ಶೇಷದ ಪಕ್ಕದಲ್ಲೇ ಅದನ್ನು ಹುಟ್ಟಿಸಿದ ಭಾಗಲಬ್ಧವೂ ಇರಲಿ ಎಂಬುದು ನನ್ನ ಆಯ್ಕೆ. ಹಾಗಿದ್ದರೆ ಕಣ್ಣು ತಪ್ಪುವುದು ಕಡಿಮೆ.

ಶೇಷ 1 ಇರುವ ಸಾಲಿನಲ್ಲಿ ಗುಣಕ −83. ಉತ್ತರವನ್ನು 0ಯಿಂದ 219ರೊಳಗೆ ಕೊಡಬೇಕಾದ್ದರಿಂದ 220 ಸೇರಿಸುತ್ತೇವೆ: −83 + 220 = 137. ತಾಳೆ ನೋಡೋಣ: 53 × 137 = 7261, 220 × 33 = 7260, ಶೇಷ 1. ಇಲ್ಲಿ ಪ್ರಶ್ನೆ ಮುಗಿಯಿತು. −83 ಎಂದಷ್ಟೇ ಬರೆದು ಬಿಟ್ಟರೆ ಗಣಿತದ ದೃಷ್ಟಿಯಿಂದ ತಪ್ಪಲ್ಲ, ಆದರೆ ಧನಾತ್ಮಕ ಉತ್ತರ ಕೇಳಿದ ಪರೀಕ್ಷಕರು ಅಂಕ ಕಳೆಯಬಹುದು. −83ರ ಋಣಚಿಹ್ನೆಯನ್ನು ಸುಮ್ಮನೆ ಅಳಿಸಿ 83 ಎಂದು ಬರೆಯುವುದು ಮಾತ್ರ ನಿಜವಾದ ತಪ್ಪು. 83 ಎಂಬುದು 53ರ ವಿಲೋಮವಲ್ಲ, −53ರ ವಿಲೋಮ.

ಈಗ ಕೋಷ್ಟಕದ ಕೊನೆಯ ಸಾಲಿಗೆ ಬರೋಣ. 1 ಸಿಕ್ಕ ಕೂಡಲೇ ಪೆನ್ನು ಕೆಳಗಿಡುವುದು ಸಾಮಾನ್ಯ ಅಭ್ಯಾಸ. ಉತ್ತರಕ್ಕೆ ಬೇಕಾದದ್ದೆಲ್ಲ ಸಿಕ್ಕಿತಲ್ಲ! ಆದರೂ ಇನ್ನೊಂದೇ ಸಾಲು ಬರೆಯಿರಿ: 54 − 2 × (−83) = 220. ಮಾಡ್ಯುಲಸ್ ತಾನಾಗಿಯೇ ಮರಳಿ ಬಂತು. ಇದು ಕಾಕತಾಳೀಯವಲ್ಲ. ಆ ಸಾಲು ಹೇಳುವುದು ‘53ರ ಇಷ್ಟು ಪಟ್ಟು 220ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ’ ಎಂದು. 53 ಮತ್ತು 220ಕ್ಕೆ ಸಾಮಾನ್ಯ ಅಪವರ್ತನವಿಲ್ಲದ ಕಾರಣ ಆ ಪಟ್ಟು 220 ಅಥವಾ ಅದರ ಅಪವರ್ತ್ಯವೇ ಆಗಿರಬೇಕು, ಮತ್ತು ವಿಧಾನ ಕೊಡುವುದು ಅವುಗಳಲ್ಲಿ ಅತಿ ಚಿಕ್ಕದನ್ನು, ಧನ ಅಥವಾ ಋಣ ಚಿಹ್ನೆಯೊಂದಿಗೆ. ಹಾಗಾಗಿ ಸೊನ್ನೆಯ ಸಾಲಿನಲ್ಲಿ ಮಾಡ್ಯುಲಸ್ ಕಾಣಿಸದಿದ್ದರೆ ಮೇಲೆ ಎಲ್ಲೋ ಲೆಕ್ಕ ತಪ್ಪಿದೆ ಎಂದೇ ಅರ್ಥ. ಅದರ ಜಾಗದಲ್ಲಿ −53 ಬಂದಿದ್ದರಂತೂ ಕಾರಣವೂ ಗೊತ್ತಾಗುತ್ತದೆ: ನೀವು ಆರಂಭದ 0 ಮತ್ತು 1ನ್ನು ಅದಲುಬದಲು ಮಾಡಿದ್ದೀರಿ.

ಇನ್ನೊಂದು ಗುರುತೂ ಇದೆ. 1ರ ನಂತರದ ಗುಣಕಗಳ ಚಿಹ್ನೆ ನೋಡಿ: ಋಣ, ಧನ, ಋಣ, ಧನ. ಈ ಸರದಿ ಎಂದೂ ತಪ್ಪುವುದಿಲ್ಲ. ಆದ್ದರಿಂದ ಚಿಹ್ನೆಯನ್ನು ಮರೆತು ಬರೀ ಕೂಡಿಸುತ್ತಲೂ ಹೋಗಬಹುದು: 4 × 1 + 0 = 4, 6 × 4 + 1 = 25, 25 + 4 = 29, 29 + 25 = 54, 54 + 29 = 83. ಚಿಹ್ನೆಗಳನ್ನು ಆಮೇಲೆ ಒಂದು ಬಿಟ್ಟು ಒಂದಕ್ಕೆ ಹಾಕಿದರಾಯಿತು. ಋಣ ಸಂಖ್ಯೆಯಿಂದ ಋಣ ಸಂಖ್ಯೆ ಕಳೆಯುವಾಗ ಎಡವುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಪಠ್ಯಗಳಲ್ಲಿ ಹೆಚ್ಚಾಗಿ ಕಾಣುವುದು ಹಿಮ್ಮುಖ ಆದೇಶದ ವಿಧಾನ. ಕೆಳಗಿನಿಂದ ಮೇಲಕ್ಕೆ ಶೇಷಗಳನ್ನು ಒಂದರೊಳಗೊಂದು ತುಂಬುತ್ತಾ ಹೋಗುತ್ತಾರೆ:

```
1 = 3 − 1×2
  = 2×3 − 1×5
  = 2×8 − 3×5
  = 20×8 − 3×53
  = 20×220 − 83×53
```

ಉತ್ತರ ಅದೇ −83. ಪ್ರಶ್ನೆಯಲ್ಲಿ ‘1ನ್ನು 220 ಮತ್ತು 53ರ ಸಂಯೋಗವಾಗಿ ಬರೆಯಿರಿ’ ಎಂದಿದ್ದರೆ ಇದು ಒಳ್ಳೆಯ ದಾರಿ, 20 ಕೂಡ ಜೊತೆಗೇ ಸಿಗುತ್ತದೆ. ವಿಲೋಮವಷ್ಟೇ ಬೇಕಿದ್ದರೆ ಆ 20 ಅನವಶ್ಯಕ ಹೊರೆ. ಇದರಲ್ಲಿ ತಪ್ಪು ನುಸುಳುವುದು ಎಲ್ಲಿ ಎಂದರೆ, 2 × (8 − 5) − 5 ಎಂಬಲ್ಲಿ ಆವರಣ ಬಿಡಿಸುವಾಗ ಎರಡನೆಯ 5ರ ಲೆಕ್ಕ ಮರೆತುಹೋಗುತ್ತದೆ. ಇಲ್ಲವೇ 5, 3 ಎಂಬ ಶೇಷಗಳನ್ನು ಮಾಮೂಲಿ ಸಂಖ್ಯೆಗಳೆಂದು ತಿಳಿದು ಗುಣಿಸಿಬಿಡುತ್ತಾರೆ. ಆಗ ಎಲ್ಲವೂ ಕರಗಿ ‘1 = 1’ ಎಂಬ ನಿರುಪಯುಕ್ತ ಸತ್ಯ ಉಳಿಯುತ್ತದೆ.

ಈ ಹಿಮ್ಮುಖ ಲೆಕ್ಕದ ಸಾರ ಹಳೆಯದು. 499ರ ಆರ್ಯಭಟೀಯದಲ್ಲಿ ಆರ್ಯಭಟ ಕೊಟ್ಟ ಕುಟ್ಟಕ ಇದೇ ಜಾತಿಯ ಸಮಸ್ಯೆಗೆ ಪರಿಹಾರ. ಕುಟ್ಟಕವೆಂದರೆ ಕುಟ್ಟಿ ಪುಡಿ ಮಾಡುವುದು. ದೊಡ್ಡ ಸಂಖ್ಯೆಗಳು ಭಾಗಾಕಾರದಿಂದ ಚೂರಾಗುವುದನ್ನು ನೋಡಿದರೆ ಹೆಸರು ಎಷ್ಟು ತಕ್ಕದ್ದು ಎನಿಸುತ್ತದೆ. ಭಾಗಲಬ್ಧಗಳನ್ನು ಒಂದರ ಕೆಳಗೊಂದು ಬರೆದ ಸಾಲಿಗೆ ಸಂಸ್ಕೃತ ಗಣಿತದಲ್ಲಿ ವಲ್ಲಿ, ಅಂದರೆ ಬಳ್ಳಿ, ಎಂದು ಹೆಸರು. ನಮ್ಮ ಬಳ್ಳಿ 4, 6, 1, 1, 1. ಕೆಳಗಿನಿಂದ ಹತ್ತಿದರೆ 1, 2, 3, ಆಮೇಲೆ 6 × 3 + 2 = 20, ಕೊನೆಗೆ 4 × 20 + 3 = 83. ಮೇಲಿನ ಐದು ಸಾಲುಗಳ ಗೊಂದಲವೆಲ್ಲ ಹೋಗಿ ಬರೀ ಎಲುಬು ಉಳಿದಂತೆ.

ಮಸಾಅ 1 ಆಗದಿದ್ದರೆ? 42ರ ವಿಲೋಮವನ್ನು ಮಾಡ್ಯುಲಸ್ 150ಕ್ಕೆ ಕೇಳಿದ್ದಾರೆ ಎಂದುಕೊಳ್ಳಿ. ಶೇಷಗಳು 150, 42, 24, 18, 6, 0. ಭಾಗಲಬ್ಧಗಳು 3, 1, 1, 3. ಗುಣಕಗಳು 0, 1, −3, 4, −7, 25. ಸೊನ್ನೆಗೆ ಮೊದಲಿನ ಶೇಷ 6, ಅದರ ಗುಣಕ −7. ಇಲ್ಲಿ ಅಭ್ಯಾಸಬಲದಿಂದ 150 − 7 = 143 ಎಂದು ಬರೆದು ಪೆಟ್ಟಿಗೆ ಹಾಕಿದ ಉತ್ತರಗಳನ್ನು ಬೇಕಾದಷ್ಟು ನೋಡಿದ್ದೇನೆ. 42 × 143 = 6006, 150ರಿಂದ ಭಾಗಿಸಿದರೆ ಉಳಿಯುವುದು 6, 1 ಅಲ್ಲ. 1 ಉಳಿಯಲು ಸಾಧ್ಯವೂ ಇಲ್ಲ. 42ರ ಯಾವ ಅಪವರ್ತ್ಯವನ್ನೇ ತೆಗೆದುಕೊಂಡು ಅದರಿಂದ 150ನ್ನು ಎಷ್ಟು ಸಲ ಕಳೆದರೂ ಉಳಿಯುವುದು 6ರ ಅಪವರ್ತ್ಯವೇ. ಆದ್ದರಿಂದ ಉತ್ತರ: ಮಸಾಅ 6, ವಿಲೋಮವಿಲ್ಲ. ಕಾರಣವನ್ನೂ ಒಂದು ವಾಕ್ಯದಲ್ಲಿ ಬರೆಯಿರಿ. ಅಂದಹಾಗೆ ಸೊನ್ನೆಯ ಸಾಲಿನಲ್ಲಿ 150ರ ಬದಲು 25 ಬಂದದ್ದನ್ನು ನೋಡಿ ಗಾಬರಿಯಾಗಬೇಡಿ. ಅಲ್ಲಿ ಬರಬೇಕಾದದ್ದು ಮಾಡ್ಯುಲಸ್‌ ಅನ್ನು ಮಸಾಅದಿಂದ ಭಾಗಿಸಿದ ಸಂಖ್ಯೆ, 150 ÷ 6 = 25. ಲೆಕ್ಕ ಸರಿಯಾಗಿಯೇ ಇದೆ.

ಕೊಟ್ಟ ಸಂಖ್ಯೆ ಮಾಡ್ಯುಲಸ್‌ಗಿಂತ ದೊಡ್ಡದಿದ್ದರೆ ಮೊದಲು ಇಳಿಸಿಕೊಳ್ಳಿ. ಮಾಡ್ಯುಲಸ್ 220ಕ್ಕೆ 493ರ ವಿಲೋಮ ಕೇಳಿದರೆ 493 − 440 = 53, ಮುಂದಿನದು ಗೊತ್ತೇ ಇದೆ. ಋಣ ಸಂಖ್ಯೆಯಾದರೂ ಹಾಗೆಯೇ, 220 ಸೇರಿಸಿ ಧನ ಮಾಡಿಕೊಂಡು ಶುರು ಮಾಡಿ.

ಪ್ರೋಗ್ರಾಂ ಬರೆಯಲು ಕೇಳಿದರೆ ಕೋಷ್ಟಕವೇ ಪ್ರೋಗ್ರಾಂ ಆಗುತ್ತದೆ. ಯಾವ ಹೊತ್ತಿನಲ್ಲೂ ಕೊನೆಯ ಎರಡು ಸಾಲುಗಳನ್ನು ನೆನಪಿಟ್ಟರೆ ಸಾಕು:

```python
def inv(a, n):
    r0, r1 = n, a % n
    t0, t1 = 0, 1
    while r1 != 0:
        q = r0 // r1
        r0, r1 = r1, r0 - q * r1
        t0, t1 = t1, t0 - q * t1
    if r0 != 1:
        return None
    return t0 % n
```

`inv(53, 220)` ಕೊಡುವುದು 137. ಲೂಪ್ ಮುಗಿದಾಗ `t1` ಒಳಗೆ ಇರುವುದು ನಮ್ಮ ಸೊನ್ನೆಯ ಸಾಲಿನ 220. ಕೊನೆಯ ಸಾಲಿನ `% n` ಬಗ್ಗೆ ಜಾಗ್ರತೆ: ಪೈಥಾನ್‌ನಲ್ಲಿ `-83 % 220` ಎಂದರೆ 137, ಆದರೆ ಸಿ ಮತ್ತು ಜಾವಾದಲ್ಲಿ ಅದು −83 ಆಗಿಯೇ ಉಳಿಯುತ್ತದೆ. ಅಲ್ಲಿ `(t0 % n + n) % n` ಎಂದು ಬರೆಯಬೇಕು. ಮನೆಯಲ್ಲಿ ಅಭ್ಯಾಸ ಮಾಡುವಾಗ ಉತ್ತರ ತಾಳೆ ನೋಡಲು ಪೈಥಾನ್ 3.8 ಅಥವಾ ನಂತರದ ಆವೃತ್ತಿಯಲ್ಲಿ `pow(53, -1, 220)` ಸಾಕು.

ಈಗ ತಪ್ಪಿರುವ ಒಂದು ಕೋಷ್ಟಕವನ್ನು ತಿದ್ದೋಣ. ಮಾಡ್ಯುಲಸ್ 312, ಸಂಖ್ಯೆ 71. ಒಬ್ಬ ವಿದ್ಯಾರ್ಥಿ ಹೀಗೆ ಬರೆದಿದ್ದಾನೆ ಎಂದುಕೊಳ್ಳಿ:

| ಭಾಗಲಬ್ಧ | ಶೇಷ | ಗುಣಕ |
|---|---|---|
| | 312 | 0 |
| | 71 | 1 |
| 4 | 28 | −4 |
| 2 | 15 | 9 |
| 1 | 13 | 5 |
| 1 | 2 | 4 |
| 6 | 1 | −19 |
| 2 | 0 | 42 |

ಸೊನ್ನೆಯ ಸಾಲಿನಲ್ಲಿ 312 ಇಲ್ಲ, 42 ಇದೆ. ಆದ್ದರಿಂದ −19 ಉತ್ತರವಲ್ಲ. ಮೊದಲಿನಿಂದ ಎಲ್ಲವನ್ನೂ ಮತ್ತೆ ಮಾಡಬೇಕೇ? ಬೇಡ. ಪ್ರತಿ ಸಾಲೂ ಒಂದು ಹೇಳಿಕೆ, ಅದನ್ನು ಬೇರೆಯಾಗಿಯೇ ಪರೀಕ್ಷಿಸಬಹುದು. 15ರ ಸಾಲು: 9 × 71 = 639, 624 ಕಳೆದರೆ 15. ಸರಿ. 13ರ ಸಾಲು: 5 × 71 = 355, 312 ಕಳೆದರೆ 43. ಅಲ್ಲಿ 13 ಬರಬೇಕಿತ್ತು. ತಪ್ಪು ಸಿಕ್ಕಿತು. −4 − 1 × 9 ಎಂಬುದನ್ನು ಅವನು −4 + 9 ಎಂದು ಮಾಡಿದ್ದಾನೆ. ಗುಣಿಸುವ ಮೊದಲೇ ಕಣ್ಣಿಗೂ ಬೀಳಬೇಕಿತ್ತು: −4, 9, 5 ಎಂಬಲ್ಲಿ ಚಿಹ್ನೆಯ ಸರದಿ ಮುರಿದಿದೆ. ಅಲ್ಲಿಂದ ಕೆಳಗಷ್ಟೇ ತಿದ್ದಿದರೆ ಗುಣಕಗಳು −13, 22, −145, 312. ಮಾಡ್ಯುಲಸ್ ಮರಳಿತು. ವಿಲೋಮ 312 − 145 = 167, ತಾಳೆ 71 × 167 = 11857 = 38 × 312 + 1.

ಕೋಷ್ಟಕಕ್ಕೆ ಎಷ್ಟು ಜಾಗ ಬಿಡಬೇಕು ಎಂಬ ಪ್ರಶ್ನೆಗೆ 1844ರಲ್ಲೇ ಫ್ರೆಂಚ್ ಗಣಿತಜ್ಞ ಗೇಬ್ರಿಯಲ್ ಲಾಮೆ ಉತ್ತರ ಕೊಟ್ಟಿದ್ದಾನೆ: ಚಿಕ್ಕ ಸಂಖ್ಯೆಯ ಅಂಕಿಗಳ ಐದು ಪಟ್ಟಿಗಿಂತ ಹೆಚ್ಚು ಭಾಗಾಕಾರಗಳು ಎಂದೂ ಬೇಕಾಗುವುದಿಲ್ಲ. ಎರಡಂಕಿಯಾದರೆ ಹತ್ತು, ಮೂರಂಕಿಯಾದರೆ ಹದಿನೈದು. ಆ ಹತ್ತನ್ನೂ ಪೂರ್ತಿ ತಿನ್ನುವ ಪ್ರಶ್ನೆ ಬೇಕೆಂದರೆ ಮಾಡ್ಯುಲಸ್ 144ಕ್ಕೆ 89ರ ವಿಲೋಮ ಹುಡುಕಿ. ಎರಡೂ ಫಿಬೊನಾಚಿ ಸಂಖ್ಯೆಗಳಾದ್ದರಿಂದ ಭಾಗಲಬ್ಧಗಳೆಲ್ಲ 1, ಕೊನೆಯದು ಮಾತ್ರ 2. ಗುಣಕಗಳು 0, 1, −1, 2, −3, 5, −8, 13, −21, 34, −55, ಸೊನ್ನೆಯ ಸಾಲಿನಲ್ಲಿ 144. ಹಾಗಾದರೆ ವಿಲೋಮ 144 − 55 = 89. ಕೇಳಿದ ಸಂಖ್ಯೆಯೇ ಉತ್ತರವಾಗಿ ಬಂದದ್ದನ್ನು ಕಂಡು ಎಲ್ಲವನ್ನೂ ಹೊಡೆದುಹಾಕುವವರಿದ್ದಾರೆ. ಹೊಡೆಯುವ ಮೊದಲು ಗುಣಿಸಿ ನೋಡಿ: 89 × 89 = 7921, 55 × 144 = 7920.